ವರದಿಯ ಕಡೆಯ ಮಾತು

ಸಿ.ಟಿ. ವರದಿಯ ಕೊನೆಯಲ್ಲಿರುವ ‘ಇಂಪ್ರೆಷನ್’ ಎಂಬ ಅಭಿಪ್ರಾಯಭಾಗವು ವೈದ್ಯರ ಪ್ರಶ್ನೆಗೆ ಉತ್ತರವಾಗಿರತಕ್ಕದ್ದು. ಕೆಮ್ಮಿನಿಂದ ಬಳಲುವ 60 ವರ್ಷದ ಧೂಮಪಾನಿಯೊಬ್ಬರಿಗೆ ನ್ಯುಮೋನಿಯ ಉಂಟೇ ಎಂದು ವೈದ್ಯರು ಕೇಳಿರುವರೆನ್ನೋಣ. ಅದು ಚಿತ್ರದಲ್ಲಿಲ್ಲ, ಆದರೆ ಶ್ವಾಸಕೋಶದಲ್ಲಿ ಗಂಟೊಂದಿದೆ. ‘ಸಣ್ಣ ಗಂಟು, ರೋಗಲಕ್ಷಣಗಳೊಡನೆ ಹೋಲಿಸಿ ನೋಡುವುದು’ ಎಂದಷ್ಟೇ ಬರೆದರೆ ಪ್ರಶ್ನೆಗೆ ಉತ್ತರವೂ ಇಲ್ಲ, ಮುಂದಿನ ದಾರಿಯೂ ಇಲ್ಲ, ಗಂಟು ಮರೆತೇಹೋದೀತು. ನಾವಾದರೆ ಹೀಗೆ ಬರೆಯುವೆವು: ‘1. ನ್ಯುಮೋನಿಯ ಇಲ್ಲ. 2. ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ 7 ಮಿ.ಮೀ. ಘನ ಗಂಟು, ಹೋಲಿಸಲು ಹಳೆಯ ಚಿತ್ರಗಳಿಲ್ಲ. 6ರಿಂದ 12 ತಿಂಗಳ ನಡುವೆ ಕಡಿಮೆ ಕಿರಣದ ಸಿ.ಟಿ. ಮಾಡಿಸತಕ್ಕದ್ದು, ಗಂಟು ಬೆಳೆದಿಲ್ಲವಾದರೆ, ಇಂದಿನಿಂದ 18ರಿಂದ 24 ತಿಂಗಳ ನಡುವೆ ಇನ್ನೊಮ್ಮೆ.’ ಈ ಅವಧಿಗಳು ಫ್ಲೈಷ್ನರ್ ಸಂಘದ 2017ರ ಸೂಚನೆಯವು. ಮೊದಲೇ ಕ್ಯಾನ್ಸರ್ ಉಳ್ಳವರಿಗೆ ಅವು ಅನ್ವಯಿಸವು.