ಸಂತಾಪ ಪತ್ರ ಸಾಕಾಗಲ್ಲ, ಲೆಕ್ಕ ಕೊಡಿ

ಗಾರ್ಮೆಂಟ್ಸ್ ಕಾರ್ಖಾನೆಯೊಂದು ಕಳಿಸಿದ ಪತ್ರ ಮೊನ್ನೆ ನಮ್ಮ ಕೈಗೆ ಬಂತು. ಹೃದಯಾಘಾತದಿಂದ ತೀರಿಹೋದ ಟೈಲರ್ ಒಬ್ಬರ ಗಂಡನಿಗೆ ಬರೆದದ್ದು. ಮೇಲೆ ‘ನಿಮ್ಮ ದುಃಖದಲ್ಲಿ ನಾವೂ ಭಾಗಿ’ ಎಂಬ ನಾಲ್ಕು ಸಾಲು. ಕೆಳಗೆ 18 ದಿನದ ಸಂಬಳ 9,000, ರಜೆ ಹಣ 2,000, ಒಟ್ಟು 11,000 ರೂಪಾಯಿ. ಗ್ರಾಚ್ಯುಟಿ ಜಾಗದಲ್ಲಿ ‘ಐದು ವರ್ಷ ತುಂಬಿಲ್ಲ, ಅನ್ವಯಿಸುವುದಿಲ್ಲ’. ಕೊನೆಗೆ ‘ಇನ್ನು ಯಾವ ಬಾಕಿಯೂ ಇಲ್ಲ’ ಎಂದು ಸಹಿ ಮಾಡಲು ಗೆರೆ.

ಈ ಒಂದು ಹಾಳೆಯಲ್ಲಿ ಒಂದು ಸುಳ್ಳಿದೆ, ಒಂದು ಮೌನವಿದೆ.

ಸುಳ್ಳು ಗ್ರಾಚ್ಯುಟಿಯದ್ದು. ಕೆಲಸ ಬಿಟ್ಟು ಹೋಗುವವರಿಗೆ ಐದು ವರ್ಷದ ಷರತ್ತು ಇದೆ, ನಿಜ. ಆದರೆ ಕೆಲಸದಲ್ಲಿರುವಾಗಲೇ ಸತ್ತವರಿಗೆ ಆ ಷರತ್ತು ಇಲ್ಲವೆಂದು ಕಾನೂನೇ ಹೇಳುತ್ತದೆ. ಈ ತಾಯಿ ದುಡಿದದ್ದು 3 ವರ್ಷ 8 ತಿಂಗಳು. ಆರು ತಿಂಗಳು ಮೀರಿದ್ದರಿಂದ ಲೆಕ್ಕಕ್ಕೆ 4 ವರ್ಷ. ಮೂಲ ವೇತನ, ತುಟ್ಟಿಭತ್ಯೆ ಸೇರಿ ತಿಂಗಳಿಗೆ 13,000. ಅದನ್ನು 26ರಿಂದ ಭಾಗಿಸಿದರೆ ದಿನಕ್ಕೆ 500. ವರ್ಷಕ್ಕೆ 15 ದಿನದಂತೆ 7,500, ನಾಲ್ಕು ವರ್ಷಕ್ಕೆ 30,000 ರೂಪಾಯಿ. ಮನೆಯವರು ಅರ್ಜಿ ಕೊಡಲಿ, ಬಿಡಲಿ, ಈ ಲೆಕ್ಕ ಹಾಕಿ ತಿಳಿಸಬೇಕಾದದ್ದು ಮಾಲೀಕರೇ. 30 ದಿನದೊಳಗೆ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಬೇಕು.

ಮೌನ ಇನ್ನೂ ದುಬಾರಿ. ಪಿಎಫ್ ಇದ್ದವರಿಗೆಲ್ಲ ಇಡಿಎಲ್‌ಐ ಎಂಬ ವಿಮೆ ಇದೆ. ಅದರ ಕಂತನ್ನು ಮಾಲೀಕರು ಕಟ್ಟುತ್ತಾರೆ, ಸಂಬಳದಲ್ಲಿ ಹಿಡಿಯುವುದಿಲ್ಲ. ಹಾಗಾಗಿ ಸಂಬಳದ ಚೀಟಿ ನೋಡಿದ ಮನೆಯವರಿಗೆ ಅದು ಇದೆಯೆಂದೇ ಗೊತ್ತಾಗುವುದಿಲ್ಲ. ವರ್ಷಪೂರ್ತಿ ಬಿಡದೆ ಕೆಲಸ ಮಾಡಿದ್ದವರಿಗೆ ಸರಾಸರಿ ಸಂಬಳದ 35 ಪಟ್ಟು ಬರುತ್ತದೆ. ಇವರಿಗೆ 4,55,000 ರೂಪಾಯಿ. ಪಿಎಫ್ ಖಾತೆಯ ಸರಾಸರಿ ಮೊತ್ತದ ಅರ್ಧ ಇದಕ್ಕೆ ಸೇರುತ್ತದೆ. ಒಟ್ಟು ಮಿತಿ 7 ಲಕ್ಷ. ಪಿಎಫ್ ಹಣ ಬೇರೆ, ಗಂಡ ಮತ್ತು ಮಕ್ಕಳ ಪಿಂಚಣಿ ಬೇರೆ. ಈ ವಿಮೆ, ಪಿಂಚಣಿಗಳ ಹಣ ಮಾಲೀಕರ ಜೇಬಿನಿಂದ ಹೋಗುವುದಿಲ್ಲ, ಪಿಎಫ್ ಕಚೇರಿಯಿಂದ ಬರುತ್ತದೆ. ಒಂದು ಸಾಲು ಬರೆದು ತಿಳಿಸಲು ಇವರಿಗೇನು ನಷ್ಟ?

ಕಂಪನಿಗಳಿಗೆ ನಾವು ಕೇಳುವುದು ಇಷ್ಟೇ. ಸಂತಾಪದ ಜೊತೆಗೆ ಸಂಬಳ, ರಜೆ, ಗ್ರಾಚ್ಯುಟಿ, ಪಿಎಫ್, ವಿಮೆ, ಪಿಂಚಣಿ ಒಂದೊಂದಕ್ಕೂ ಒಂದು ಸಾಲು ಇರಲಿ. ಎಷ್ಟು, ಯಾರು ಕೊಡುತ್ತಾರೆ, ಯಾವ ಫಾರ್ಮ್ ಎಂದು ಬರೆಯಿರಿ. ಪಿಎಫ್‌ಗೆ ಫಾರ್ಮ್ 20, ಪಿಂಚಣಿಗೆ 10ಡಿ, ವಿಮೆಗೆ 5ಐಎಫ್. ಮೂರನ್ನೂ ಸೇರಿಸಿದ ಒಂದೇ ಫಾರ್ಮ್ ಕೂಡ ಇದೆ.

ಮನೆಯವರಿಗೆ ಒಂದು ಮಾತು. ‘ಬಾಕಿ ಇಲ್ಲ’ ಎನ್ನುವ ಹಾಳೆಗೆ ತಿಥಿ ಮುಗಿಯುವ ಮೊದಲೇ ಸಹಿ ಹಾಕಬೇಡಿ. ಹಣ ತೆಗೆದುಕೊಳ್ಳಲೇಬೇಕಾದರೆ ‘11,000 ಮಾತ್ರ ಪಡೆದಿದ್ದೇನೆ, ಉಳಿದ ಬಾಕಿ ಬರಬೇಕಿದೆ’ ಎಂದು ಸಹಿಯ ಮೇಲೆ ಬರೆದು, ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. 11,000ಕ್ಕೆ ಸಹಿ ಹಾಕಿಸಿಕೊಂಡು ಐದು ಲಕ್ಷದ ಹತ್ತಿರದ ಹಣದ ಸುದ್ದಿಯನ್ನೇ ಎತ್ತದವರು ದುಃಖದಲ್ಲಿ ಭಾಗಿ ಎಂದರೆ ನಾವು ನಂಬುವುದಿಲ್ಲ.