ಅಡಿಕೆ ವಿಮೆಯ ತಕರಾರು: ಗ್ರಾಹಕರ ಆಯೋಗಕ್ಕೆ ಯಾವಾಗ ಹೋಗಬೇಕು?

ಸಾಗರ, ಹೊಸನಗರ, ತೀರ್ಥಹಳ್ಳಿಯ ಅಡಿಕೆ ಬೆಳೆಗಾರರು ಮಳೆಗಾಲದ ಆರಂಭದಲ್ಲಿ ಹವಾಮಾನ ಆಧಾರಿತ ಬೆಳೆವಿಮೆಯ ಕಂತು ಕಟ್ಟುತ್ತಾರೆ. ಮರುವರ್ಷ ಪರಿಹಾರ ಬಂದಾಗ ಪಕ್ಕದ ಪಂಚಾಯಿತಿಯವರಿಗೆ ಹೆಚ್ಚು, ತಮಗೆ ಕಡಿಮೆ. ಕೆಲವರ ಖಾತೆಗೆ ಬಿಡಿಗಾಸೂ ಇಲ್ಲ. ‘ಗ್ರಾಹಕರ ಕೋರ್ಟಿಗೆ ಹಾಕೋಣ’ ಎಂಬ ಮಾತು ಹುಟ್ಟುವುದು ಆಗಲೇ. ಹಾಕಬಹುದು. ಆದರೆ ಅದಕ್ಕೂ ಮೊದಲು, ನಷ್ಟವಾದದ್ದು ವಿಮೆಯ ಲೆಕ್ಕಾಚಾರದಿಂದಲೋ ಯಾರದೋ ಕೆಲಸದ ತಪ್ಪಿನಿಂದಲೋ ಎಂದು ಬಿಡಿಸಿ ನೋಡಿಕೊಳ್ಳಬೇಕು.

ಈ ವಿಮೆ ನಮ್ಮ ತೋಟವನ್ನು ನೋಡುವುದೇ ಇಲ್ಲ, ಮಳೆಮಾಪಕವನ್ನು ನೋಡುತ್ತದೆ. ಕೊಳೆರೋಗ ಬಂದು ಅರ್ಧ ಫಸಲು ಉದುರಿದರೂ, ನಿಗದಿಯಾದ ದಿನಗಳಲ್ಲಿ ನಿಗದಿಯಾದಷ್ಟು ಮಳೆ ಮಾಪಕದಲ್ಲಿ ದಾಖಲಾಗದಿದ್ದರೆ ಪರಿಹಾರವಿಲ್ಲ. ಎಲೆಚುಕ್ಕಿ ರೋಗದ ನಷ್ಟಕ್ಕೂ ಇದೇ ಮಾತು. ಉದುರಿದ ಕಾಯಿಯ ಫೋಟೊ ಹಿಡಿದು ಆಯೋಗಕ್ಕೆ ಹೋದರೆ, ಕರಾರಿನಲ್ಲಿ ಇಲ್ಲದ್ದನ್ನು ಅದು ಕೊಡಿಸಲಾರದು. ಮಾಪಕವೇ ಕೆಟ್ಟಿತ್ತು ಎಂಬುದು ಇಡೀ ಪಂಚಾಯಿತಿಯ ದೂರಾದರೆ, ಅದನ್ನು ಮೊದಲು ತೋಟಗಾರಿಕೆ ಇಲಾಖೆಯ ಮೂಲಕ ಜಿಲ್ಲಾಮಟ್ಟದ ಕುಂದುಕೊರತೆ ಸಮಿತಿಯ ಮುಂದೆ ಇಡುವುದೇ ಸರಿ. ದಾಖಲೆ ತರಿಸಿ ತಾಳೆ ನೋಡುವ ಕೆಲಸ ಅಲ್ಲಿ ಬೇಗ ಆದೀತು.

ಕೆಲಸದ ತಪ್ಪಾದರೆ ಕಥೆ ಬೇರೆ. ಒಂದು ಉದಾಹರಣೆ ಹಿಡಿಯೋಣ. ಹೊಸನಗರದ ಕಡೆಯ ಬೆಳೆಗಾರರೊಬ್ಬರಿಗೆ ಒಂದು ಹೆಕ್ಟೇರ್ ತೋಟವಿದೆ. ವಿಮಾ ಮೊತ್ತ 1,28,000 ರೂಪಾಯಿ, ರೈತರ ಪಾಲು ಅದರ 5%, ಅಂದರೆ 6,400. ಸಾಲ ಕೊಟ್ಟ ಸೊಸೈಟಿ ಆ ಹಣವನ್ನು ಖಾತೆಯಿಂದ ಮುರಿದುಕೊಂಡಿತು, ಆದರೆ ಪೋರ್ಟಲ್‌ನಲ್ಲಿ ನಮೂದಿಸುವಾಗ ಪಕ್ಕದ ಪಂಚಾಯಿತಿಯ ಹೆಸರು ಹಾಕಿತು. ಅವರ ಪಂಚಾಯಿತಿಗೆ ಹೆಕ್ಟೇರಿಗೆ 30,000 ಬಂತು, ಪಕ್ಕದ್ದಕ್ಕೆ 9,000. ಇವರ ಖಾತೆಗೆ ಬಿದ್ದದ್ದು 9,000. ಇಲ್ಲಿ ಮಳೆಯ ಬಗ್ಗೆ ವಾದವೇ ಇಲ್ಲ. ಪಾಸ್‌ಬುಕ್ಕಿನ ಒಂದು ಸಾಲು, ತೋಟ ಎಲ್ಲಿದೆ ಎಂದು ಹೇಳುವ ಪಹಣಿ, ನೋಂದಣಿಯ ಪ್ರತಿ, ಪಂಚಾಯಿತಿವಾರು ಪರಿಹಾರದ ಪಟ್ಟಿ ಈ ನಾಲ್ಕೇ ಕಾಗದ 21,000 ರೂಪಾಯಿಯ ವ್ಯತ್ಯಾಸವನ್ನು ತೋರಿಸುತ್ತವೆ. ಆಯೋಗಕ್ಕೆ ಹೇಳಿ ಮಾಡಿಸಿದ ಪ್ರಕರಣವೆಂದರೆ ಇದು.

ಸೊಸೈಟಿಯನ್ನೂ ವಿಮಾ ಕಂಪನಿಯನ್ನೂ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಬೇಕು. ಒಬ್ಬರನ್ನೇ ಮಾಡಿದರೆ ಅವರು ತಪ್ಪನ್ನು ಹೊರಗಿರುವವರ ಮೇಲೆ ಹಾಕಿ ಕೈತೊಳೆದುಕೊಳ್ಳುತ್ತಾರೆ. ಬ್ಯಾಂಕಿನ ತಪ್ಪಿನಿಂದ ರೈತರಿಗೆ ಆದ ನಷ್ಟವನ್ನು ಬ್ಯಾಂಕೇ ತುಂಬಬೇಕೆಂದು ಬೆಳೆವಿಮೆಯ ಮಾರ್ಗಸೂಚಿಯೇ ಹೇಳುತ್ತದೆ. ‘ರೈತ ನೇರವಾಗಿ ನಮ್ಮ ಗ್ರಾಹಕನಲ್ಲ’ ಎಂಬ ವಾದವೂ ಬರಬಹುದು. ಬ್ಯಾಡಗಿಯ ಶೀತಲಗೃಹವೊಂದರಲ್ಲಿ 2014ರಲ್ಲಿ ಬೆಂಕಿ ಬಿದ್ದು ರೈತರು ಇಟ್ಟಿದ್ದ ಫಸಲು ಸುಟ್ಟಿತ್ತು. ಪಾಲಿಸಿ ಶೀತಲಗೃಹದ ಹೆಸರಿನಲ್ಲಿತ್ತು. ಆದರೂ ವಿಮೆಯ ಫಲ ಸಲ್ಲಬೇಕಾದ ರೈತರು ಗ್ರಾಹಕರೇ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಮ್ಮ ಉದಾಹರಣೆಯಲ್ಲಂತೂ ಕಂತು ಹೋದದ್ದು ರೈತರದೇ ಜೇಬಿನಿಂದ.

2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಲು ಬಿಡುತ್ತದೆ. ಕಂಪನಿಯ ಕಚೇರಿ ಮುಂಬೈಯಲ್ಲಿದ್ದರೂ ನಮಗೆ ಶಿವಮೊಗ್ಗದ ಆಯೋಗ ಸಾಕು. ಶುಲ್ಕದ ಲೆಕ್ಕ ನಡೆಯುವುದು ಕೊಟ್ಟ ಕಂತಿನ ಮೇಲೆ. 5 ಲಕ್ಷದವರೆಗೆ ಶುಲ್ಕವೇ ಇಲ್ಲ. ವಕೀಲರಿಲ್ಲದೆಯೂ ವಾದಿಸಬಹುದು. ನೋಟಿಸು ತಲುಪಿದ 30 ದಿನದಲ್ಲಿ, ಹೆಚ್ಚೆಂದರೆ ಇನ್ನೂ 15 ದಿನ ಸೇರಿಸಿ, ಎದುರುದಾರರು ಉತ್ತರ ಕೊಡಲೇಬೇಕು. ತೀರ್ಪು ಮೂರು ತಿಂಗಳಲ್ಲಿ ಎಂದು ಕಾಯ್ದೆ ಹೇಳಿದರೂ ಅದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ ಎಂದುಕೊಂಡೇ ಹೊರಡುವುದು ಒಳ್ಳೆಯದು. ಒಂದೇ ಸೊಸೈಟಿಯ ಹತ್ತಾರು ಸದಸ್ಯರಿಗೆ ಒಂದೇ ತಪ್ಪಿನಿಂದ ನಷ್ಟವಾಗಿದ್ದರೆ ಆಯೋಗದ ಅನುಮತಿ ಪಡೆದು ಒಟ್ಟಾಗಿ ದೂರು ಕೊಡಬಹುದು. ಸಣ್ಣ ಮೊತ್ತಕ್ಕೆ ಒಬ್ಬೊಬ್ಬರೇ ಶಿವಮೊಗ್ಗದ ಬಸ್ಸು ಹತ್ತುವುದಕ್ಕಿಂತ ಅದೇ ವಾಸಿ.

ಮನೆಯವರ ಆರೋಗ್ಯ ವಿಮೆ, ಜೀವ ವಿಮೆಯ ತಕರಾರಾದರೆ ನಾನು ಮೊದಲು ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಡೆಗೇ ಬೆರಳು ತೋರಿಸುತ್ತೇನೆ. ಕಂಪನಿಗೆ ಬರೆದು ಒಂದು ತಿಂಗಳು ಕಾದ ಮೇಲೆ, ಅದು ನಿರಾಕರಿಸಿದ ಒಂದು ವರ್ಷದೊಳಗೆ ಅಲ್ಲಿಗೆ ದೂರು ಕೊಡಬೇಕು. ಖರ್ಚಿಲ್ಲ, ಅಲ್ಲಿನ ತೀರ್ಪಿಗೆ ಕಂಪನಿ ಬದ್ಧ, ನಾವು ಬದ್ಧರಲ್ಲ. ಆಯೋಗದಲ್ಲಿ ದೂರು ಹಾಕಿದ ಮೇಲೆ ಮಾತ್ರ ಒಂಬುಡ್ಸ್‌ಮನ್ ಅದೇ ವಿಷಯವನ್ನು ಮುಟ್ಟುವುದಿಲ್ಲ. ಹಾಗಾಗಿ ಈ ಎರಡರಲ್ಲಿ ಯಾವುದು ಮೊದಲು ಎಂಬುದು ಮುಖ್ಯ. ಸಹಿಯೇ ನಕಲಿ, ಹತ್ತು ಸಾಕ್ಷಿಗಳ ಪಾಟೀಸವಾಲು ಆಗಬೇಕು ಎನ್ನುವಂಥದ್ದು ಸಿವಿಲ್ ಕೋರ್ಟಿನ ಪಾಲು.

ಇಲ್ಲಿ ಹೆಚ್ಚಿನವರು ಸೋಲುವುದು ಗಡುವಿನಲ್ಲಿ. ತಕರಾರು ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಆಯೋಗಕ್ಕೆ ದೂರು ಹೋಗಬೇಕು. ಸೊಸೈಟಿಗೆ ಮತ್ತೆ ಮತ್ತೆ ಬರೆದ ಮನವಿಗಳಿಂದ ಆ ಗಡುವು ಮುಂದಕ್ಕೆ ಹೋಗದು. ತಡಕ್ಕೆ ಬಲವಾದ ಕಾರಣ ತೋರಿಸಿದರೆ ಮಾತ್ರ ಆಯೋಗ ಮನ್ನಿಸಬಹುದು. ಪಾಸ್‌ಬುಕ್ ತೆಗೆದು, ಕಡಿಮೆ ಪರಿಹಾರ ಬಿದ್ದ ದಿನಾಂಕವನ್ನು ಇಂದೇ ನೋಡಿಕೊಳ್ಳಿ.