ಎಲ್ಲಿಂದ ಎಲ್ಲಿಯವರೆಗೆ?

ಕೋಲಾರದ ಅಂತರ್ಜಲ ಏರಿತೋ ಇಳಿಯಿತೋ ಎಂದು ವಾದಿಸುವವರು ಗ್ರಾಫ್ ತೋರಿಸಿದಾಗ ನಾನು ಮೊದಲು ನೋಡುವುದು ಗೆರೆಯ ಎರಡು ತುದಿಯ ತಿಂಗಳುಗಳನ್ನು. ಕೆ.ಸಿ. ವ್ಯಾಲಿ ಯೋಜನೆಯ ನೀರು ಲಕ್ಷ್ಮೀಸಾಗರ ಕೆರೆ ಸೇರಿದ್ದು 2018ರ ಜೂನ್‌ನಲ್ಲಿ. 2021ರ ನವೆಂಬರ್‌ನಲ್ಲಿ ಮಳೆ ಎಷ್ಟು ಸುರಿಯಿತೆಂದರೆ ಬರಕ್ಕೆ ಹೆಸರಾದ ಈ ಜಿಲ್ಲೆಯಲ್ಲೇ ಕೆರೆಗಳು ಕೋಡಿ ಹರಿದವು. ಶ್ರೀನಿವಾಸಪುರದ ಕಡೆಯ ಒಂದು ಬಾವಿಯಲ್ಲಿ 2018ರ ಮೇನಲ್ಲಿ ನೀರು 60 ಮೀಟರ್ ಆಳದಲ್ಲಿತ್ತು, 2021ರ ನವೆಂಬರ್‌ನಲ್ಲಿ 20ಕ್ಕೆ ಬಂತು, 2024ರ ಮೇನಲ್ಲಿ 45ಕ್ಕೆ ಇಳಿಯಿತು ಎಂದುಕೊಳ್ಳಿ. ಮೊದಲೆರಡು ಅಳತೆ ಹಿಡಿದವರಿಗೆ 40 ಮೀಟರ್ ಏರಿಕೆ, ಕೊನೆಯೆರಡು ಹಿಡಿದವರಿಗೆ 25 ಮೀಟರ್ ಕುಸಿತ. ಯಾರೂ ಸುಳ್ಳು ಅಂಕಿ ಕೊಟ್ಟಿಲ್ಲ, ಆದರೂ ಜನ ಮೋಸಹೋದರು. ಬೇಸಿಗೆಯ ಮೇ, ಮಳೆ ಕಳೆದ ನವೆಂಬರ್ ಎರಡನ್ನೂ ಒಂದೇ ಗೆರೆಯ ತುದಿಗಳಾಗಿ ಇಡಲೇಬಾರದು. ಮೇಗೆ ಮೇ ಹೋಲಿಸಿದರೆ ಉಳಿಯುವುದು 15 ಮೀಟರ್ ಏರಿಕೆ. ಅದನ್ನೂ ಕೂಡಲೇ ಯೋಜನೆಯ ಲೆಕ್ಕಕ್ಕೆ ಬರೆಯಬೇಡಿ. ಆರಂಭದ ವರ್ಷವನ್ನು ಒಂದೆರಡು ವರ್ಷ ಹಿಂದೆ ಮುಂದೆ ಸರಿಸಿ. ಏರಿಕೆ ಇಳಿಕೆಯಾಗಿಬಿಟ್ಟರೆ ಆ ಗ್ರಾಫ್ ಹೇಳುತ್ತಿದ್ದುದು ಆರಿಸಿಕೊಂಡ ವರ್ಷದ ಮಳೆಯನ್ನಷ್ಟೆ. ಯೋಜನೆಯ ನೀರು ತಲುಪದ ಊರುಗಳ ಬಾವಿಗಳ ಮೇ ಅಳತೆಯನ್ನೂ ಪಕ್ಕದಲ್ಲಿಟ್ಟು ನೋಡಿ.